ಚುಕ್ಕಿ, ಹುಳ ಮತ್ತು ಹತ್ತು ಸೆಕೆಂಡು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆ ಬರುವುದು ಕಾರ್ತೀಕ ಶುದ್ಧ ದಶಮಿಗೆ. ತುಂಗಭದ್ರೆಯ ದಂಡೆಯ ಊರು, ಸುತ್ತ ಭತ್ತ. ಆರಾಧನೆಯ ಹೊತ್ತಿಗೆ ಬೀದಿಯಲ್ಲಿ ದೀಪ ಹೆಚ್ಚುತ್ತವೆ, ದೀಪ ಹೆಚ್ಚಿದಷ್ಟೂ ಗದ್ದೆಯ ಹುಳ ಊರೊಳಗೆ ಬರುತ್ತವೆ. ಉಲ್ಕೆ ಹಿಡಿಯುವ ಕ್ಯಾಮೆರಾವನ್ನು ಪರೀಕ್ಷಿಸಲು ಇದಕ್ಕಿಂತ ಕೆಟ್ಟ ರಾತ್ರಿ ಸಿಗಲಿಕ್ಕಿಲ್ಲ. ಹಾಗೆಂದೇ ನಾನು ಅದನ್ನು ಅಲ್ಲಿಗೆ ಒಯ್ದೆ. ಅತ್ತೆಯ ಮನೆಯ ಮಾಳಿಗೆಯ ಮೇಲೆ ಒಂದು ಸಾದಾ ಸಿಸಿ ಕ್ಯಾಮೆರಾ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಮಳೆ ಬಂದರೆ ಎಂದು ಒಂದು ಪ್ಲಾಸ್ಟಿಕ್ ಬುಟ್ಟಿ. ಬೆಳಿಗ್ಗೆ ಚಹಾ ಕೊಡುತ್ತ ಅತ್ತೆ ಕೇಳಿದರು: "ರಾತ್ರೆಲ್ಲಾ ಕಣ್ಣು ಬಿಟ್ಕೊಂಡು ಕುಂತಿತ್ತಲ್ಲೋ ನಿನ್ನ ಡಬ್ಬಿ, ಎಷ್ಟು ಚುಕ್ಕಿ ಬಿದ್ವು?"

ಆ ಪ್ರಶ್ನೆಗೆ ಉತ್ತರ ಹೇಳುವ ತಂತ್ರಾಂಶವೇ ಈ ಬರಹದ ವಿಷಯ. ಹೆಸರು ಆರ್‌ಎಂಎಸ್, ಬಿಡಿಸಿ ಹೇಳಿದರೆ ರಾಸ್ಪ್‌ಬೆರಿ ಪೈ ಮೀಟಿಯರ್ ಸ್ಟೇಷನ್. ಡೆನಿಸ್ ವಿಡಾ ಮತ್ತು ಜೊತೆಗಾರರು ಬರೆದದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ಎಂಬ ಹವ್ಯಾಸಿ–ವಿಜ್ಞಾನಿಗಳ ಜಾಲ ಇದರ ಮೇಲೆಯೇ ನಿಂತಿದೆ.

ಇಂಥ ಕೆಲಸಕ್ಕೆ ಇದಕ್ಕಿಂತ ಸರಳವಾದ ದಾರಿಯೂ ಇದೆ, ಬಹಳ ಜನ ಹಿಡಿಯುವುದೂ ಅದನ್ನೇ. ಕೆಲವು ಸೆಕೆಂಡಿನ ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ಪ್ರತಿ ಪಿಕ್ಸೆಲ್‌ನಲ್ಲಿ ಕಂಡ ಅತಿ ಹೆಚ್ಚು ಬೆಳಕನ್ನು ಉಳಿಸಿಕೊಂಡು ಒಂದು ಚಿತ್ರ ಮಾಡುವುದು, ಅದರಲ್ಲಿ ನೇರ ಗೆರೆ ಹುಡುಕುವುದು. ಗೆರೆ ಸಿಕ್ಕಿತೋ, ಉಲ್ಕೆ. ಚೀಕಲಪರ್ವಿಯ ಆಕಾಶಕ್ಕೆ ಈ ಉಪಾಯ ಎಷ್ಟು ನಡೆಯುತ್ತದೆ ಎಂದು ಲೆಕ್ಕ ಹಾಕೋಣ.

ನನ್ನ ಕ್ಯಾಮೆರಾದ ಚಿತ್ರ 1280 ಪಿಕ್ಸೆಲ್ ಅಗಲ. ಅದರಲ್ಲಿ ಸುಮಾರು 88 ಡಿಗ್ರಿ ಆಕಾಶ ತುಂಬಿಕೊಳ್ಳುತ್ತದೆ. ಒಂದು ಡಿಗ್ರಿಗೆ ಹದಿನಾಲ್ಕೂವರೆ ಪಿಕ್ಸೆಲ್. ನೂರು ಕಿಲೋಮೀಟರ್ ಮೇಲೆ, ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ನಮಗೆ ಅಡ್ಡಲಾಗಿ ಹೋಗುವ ಉಲ್ಕೆ ಸೆಕೆಂಡಿಗೆ 17 ಡಿಗ್ರಿ ಸರಿಯುತ್ತದೆ. 0.4 ಸೆಕೆಂಡು ಉರಿದರೆ ಏಳು ಡಿಗ್ರಿಯಷ್ಟು ಉದ್ದ, ಅಂದರೆ ನೂರು ಪಿಕ್ಸೆಲ್‌ನ ಗೆರೆ. ಇನ್ನು 550 ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್ ಉಪಗ್ರಹ ತಲೆಯ ಮೇಲೆ ಹಾಯುವಾಗ ಸೆಕೆಂಡಿಗೆ 0.8 ಡಿಗ್ರಿ ಮಾತ್ರ ಸರಿಯುತ್ತದೆ. ಆದರೆ ಹತ್ತು ಸೆಕೆಂಡಿನ ಚಿತ್ರದಲ್ಲಿ ಅದು ಎಂಟು ಡಿಗ್ರಿ, 118 ಪಿಕ್ಸೆಲ್‌ನ ಗೆರೆ ಎಳೆದಿರುತ್ತದೆ. ಎರಡೂ ನೆಟ್ಟಗೆ, ಎರಡೂ ಸಣ್ಣಗೆ, ಉದ್ದವೂ ಹೆಚ್ಚುಕಡಿಮೆ ಒಂದೇ. ಚಿತ್ರವನ್ನಷ್ಟೇ ನೋಡುವವನಿಗೆ ವ್ಯತ್ಯಾಸ ಹೇಳಲು ಆಧಾರವೇ ಇಲ್ಲ.

ಆರ್‌ಎಂಎಸ್‌ನ ಜಾಣತನ ಇಲ್ಲಿದೆ. ಅದು ಸೆಕೆಂಡಿಗೆ 25ರಂತೆ 256 ಫ್ರೇಮುಗಳ, ಅಂದರೆ 10.24 ಸೆಕೆಂಡಿನ, ಕಂತೆ ಕಟ್ಟುತ್ತದೆ. ಪ್ರತಿ ಕಂತೆಯಿಂದ ನಾಲ್ಕೇ ಚಿತ್ರ ಉಳಿಸಿಕೊಳ್ಳುತ್ತದೆ: ಪಿಕ್ಸೆಲ್ ಕಂಡ ಗರಿಷ್ಠ ಬೆಳಕು, ಸರಾಸರಿ, ಏರಿಳಿತದ ಪ್ರಮಾಣ, ಮತ್ತು ಆ ಗರಿಷ್ಠ ಬೆಳಕು ಬಿದ್ದದ್ದು ಎಷ್ಟನೆಯ ಫ್ರೇಮಿನಲ್ಲಿ ಎಂಬ ಸಂಖ್ಯೆ. ಕಂತೆಗೆ 256 ಫ್ರೇಮೇ ಯಾಕೆ? ಸೊನ್ನೆಯಿಂದ 255ರವರೆಗಿನ ಸಂಖ್ಯೆ ಸರಿಯಾಗಿ ಒಂದು ಬೈಟಿನಲ್ಲಿ ಕೂರುತ್ತದೆ. ಆ ನಾಲ್ಕನೆಯ ಚಿತ್ರ ಕಣ್ಣಿಗೆ ಏನೂ ಅಲ್ಲ, ಬರೀ ಕಲಸುಮೇಲೋಗರ. ಆದರೆ ಗೆರೆಯ ಗುಂಟ ಅದರ ಸಂಖ್ಯೆಗಳನ್ನು ಓದುತ್ತ ಹೋದರೆ ಕಥೆ ತೆರೆದುಕೊಳ್ಳುತ್ತದೆ. ಮೇಲಿನ ಉಲ್ಕೆಯ ನೂರು ಪಿಕ್ಸೆಲ್‌ನಲ್ಲಿ 112, 113, 114 ಎನ್ನುತ್ತ 121ಕ್ಕೆ ಮುಗಿಯುವ ಹತ್ತೇ ಸಂಖ್ಯೆ. ಉಪಗ್ರಹದ ಗೆರೆಯಲ್ಲಿ ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ 255. 1936ರಲ್ಲಿ ಹಾರ್ವರ್ಡಿನ ಫ್ರೆಡ್ ವಿಪಲ್ ಉಲ್ಕೆಗಳ ಫೋಟೊ ತೆಗೆಯಲು ಹೊರಟಾಗ ಕ್ಯಾಮೆರಾದ ಮುಂದೆ ತಿರುಗುವ ರೆಕ್ಕೆ ಇಟ್ಟು ಗೆರೆಯನ್ನು ತುಂಡುತುಂಡು ಮಾಡಿ ವೇಗ ಎಣಿಸುತ್ತಿದ್ದರು. ಇದು ಅದೇ ಉಪಾಯದ ಮೊಮ್ಮಗ.

ಮೊದಲ ಜರಡಿ ಒಂದೇ ಸಾಲಿನದು:

```python
mask = ff.maxpixel > ff.avepixel + k1*ff.stdpixel + j1
```

ಗರಿಷ್ಠ ಬೆಳಕು ಸರಾಸರಿಗಿಂತ ಸಾಕಷ್ಟು ಮೇಲೆ ಎದ್ದಿದ್ದರೆ ಮಾತ್ರ ಆ ಪಿಕ್ಸೆಲ್ ಮುಂದಕ್ಕೆ. "ಸಾಕಷ್ಟು" ಎಂದರೆ ಎಷ್ಟು ಎಂಬುದು ಆಯಾ ಪಿಕ್ಸೆಲ್‌ನ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಮಿನುಗುವ ನಕ್ಷತ್ರದ ಮೇಲೆ, ಸರಿಯುವ ಮೋಡದ ಅಂಚಿನಲ್ಲಿ ಏರಿಳಿತ ಜಾಸ್ತಿ, ಆದ್ದರಿಂದ ಅಲ್ಲಿ ಅಡ್ಡಗಟ್ಟೆಯೂ ಎತ್ತರ. ಉಳಿದ ಪಿಕ್ಸೆಲ್‌ಗಳಲ್ಲಿ ಗೆರೆ ಹುಡುಕಿ, ಆ ಗೆರೆ ಕಾಲದಲ್ಲಿಯೂ ಒಂದೇ ಸಮನೆ ಮುಂದುವರಿದಿದೆಯೇ ಎಂದು ನೋಡಿ, ಕಡೆಗೆ ವೇಗ ಅಳೆಯುತ್ತದೆ. ತೀರಾ ನಿಧಾನವಾದರೂ ತೀರಾ ಜೋರಾದರೂ ಹೊರಕ್ಕೆ.

ವಿಮಾನಕ್ಕೆ ಇಷ್ಟು ಸಾಕು. ಮುಂಬೈಯಿಂದ ಚೆನ್ನೈಗೆ ನಕ್ಷೆಯ ಮೇಲೆ ದಾರ ಎಳೆದರೆ ಅದು ಮಾನ್ವಿಯ ಆಸುಪಾಸಿನಲ್ಲೇ ಹಾಯುತ್ತದೆ, ವಿಮಾನಕ್ಕೇನೂ ಬರವಿಲ್ಲ. 11 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 250 ಮೀಟರ್ ಹಾರುವುದು ನೆತ್ತಿಯ ಮೇಲೆ ಸೆಕೆಂಡಿಗೆ 1.3 ಡಿಗ್ರಿ, ದಿಗಂತದ ಕಡೆಗೆ ಇನ್ನೂ ಕಡಿಮೆ. ಉಪಗ್ರಹಕ್ಕೂ ವಿಮಾನಕ್ಕೂ ವೇಗ ಒಂದೇ ಆಸುಪಾಸು ಎಂಬುದನ್ನು ಗಮನಿಸಿ. ವೇಗದ ಜರಡಿ ಉಲ್ಕೆಯನ್ನು ಇವೆರಡರಿಂದ ಬೇರ್ಪಡಿಸುತ್ತದೆಯೇ ಹೊರತು ಇವೆರಡನ್ನು ಒಂದರಿಂದೊಂದು ಬೇರ್ಪಡಿಸಲಾರದು. ಉಪಗ್ರಹವೇ ಬೇಕಾದವರು ಮಿಟುಕು ನೋಡಬೇಕು. ವಿಮಾನದ ಬಿಳಿ ದೀಪ ಸುಮಾರು ಸೆಕೆಂಡಿಗೊಮ್ಮೆ ಹೊಡೆಯುತ್ತದೆ, ಗೆರೆಯಲ್ಲಿ ಪೋಣಿಸಿದ ಮಣಿಗಳಂತೆ ಕಾಣುತ್ತದೆ. ಗಡಿಯಾರವೂ ಸಾಕ್ಷಿ ಹೇಳುತ್ತದೆ: ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನವೆಂಬರಿನಲ್ಲಿ ಇಲ್ಲಿ ಐದೂಮುಕ್ಕಾಲರ ಸುಮಾರಿಗೆ ಹೊತ್ತು ಮುಳುಗಿದರೆ, ಏಳೂವರೆಯೊಳಗೆ ನೆತ್ತಿಯ ಮೇಲಿನ 550 ಕಿಲೋಮೀಟರ್ ಎತ್ತರಕ್ಕೂ ಭೂಮಿಯ ನೆರಳು ಏರಿರುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಸ್ಟಾರ್‌ಲಿಂಕ್ ಕಂಡೆ ಎಂದವರ ಮಾತನ್ನು ನಾನು ನಂಬುವುದಿಲ್ಲ.

ಹುಳದ ವಿಷಯಕ್ಕೆ ಬಂದರೆ ಈ ಜಾಣತನವೆಲ್ಲ ತಡವರಿಸುತ್ತದೆ. ಕ್ಯಾಮೆರಾಕ್ಕೆ ತೀರಾ ಹತ್ತಿರ ಹಾರಿದ ಹುಳ ಒಂದೆರಡು ಫ್ರೇಮಿನಲ್ಲಿ ಚಿತ್ರ ದಾಟಿಬಿಡುತ್ತದೆ, ಅದು ಅತಿವೇಗದ ಲೆಕ್ಕದಲ್ಲಿ ಹೊರಬೀಳುತ್ತದೆ. ಆದರೆ ಹತ್ತು ಮೀಟರ್ ದೂರದಲ್ಲಿ ಸೆಕೆಂಡಿಗೆ ಮೂರು ಮೀಟರ್ ಹಾರುವ ಹುಳ? ಸೆಕೆಂಡಿಗೆ 17 ಡಿಗ್ರಿ. ನೂರು ಕಿಲೋಮೀಟರ್ ಮೇಲಿನ ನಮ್ಮ ಉಲ್ಕೆಯ ವೇಗವೇ! ಸಂಖ್ಯೆಗಳೂ ಹಾಗೇ ಒಂದೊಂದಾಗಿ ಏರುತ್ತವೆ. ಲೋಹದ ವಿಮಾನ ಸೋತಲ್ಲಿ ಭತ್ತದ ಹುಳ ಗೆಲ್ಲುತ್ತದೆ.

ಆರಾಧನೆಯ ರಾತ್ರಿಯ ಒಂದು ತುಣುಕು ನನ್ನ ಬಳಿ ಇದೆ. ಪಟ್ಟಿಯಲ್ಲಿ ಉಲ್ಕೆ ಎಂದೇ ಬಂದದ್ದು. ದೊಡ್ಡದು ಮಾಡಿ ನೋಡಿದರೆ ಗೆರೆಯ ಅಂಚು ನೆಟ್ಟಗಿಲ್ಲ, ಜೋಳದ ತೆನೆಯ ಹಾಗೆ ಉಬ್ಬುತಗ್ಗು. ಒಂದು ಫ್ರೇಮಿನ 40 ಮಿಲಿಸೆಕೆಂಡಿನೊಳಗೇ ರೆಕ್ಕೆ ಒಂದೆರಡು ಸಲ ಬಡಿದದ್ದರ ಗುರುತು ಅದು. ಗೆರೆ ಕೊನೆಯಲ್ಲಿ ತುಸು ಬಾಗಿದೆ. ಬೆಳಕಿನ ಏರಿಳಿತವೂ ಉಲ್ಕೆಯದಲ್ಲ: ಉಲ್ಕೆ ಸಾಮಾನ್ಯವಾಗಿ ಮೆಲ್ಲಗೆ ಬೆಳಗಿ ಕೊನೆಗೆ ಥಟ್ಟನೆ ಆರುತ್ತದೆ, ಇದು ಬೀದಿದೀಪದ ಕಡೆ ಇದ್ದಾಗ ಬೆಳಗಿ, ದೂರ ಸರಿದಂತೆ ಮಾಸಿದೆ. 1994ರ ಸುಮಾರಿಗೆ ಅಮೆರಿಕದಲ್ಲಿ ಹೋಸೆ ಎಸ್ಕಮಿಯಾ ಎಂಬಾತ ಇಂಥವೇ ಉಬ್ಬುತಗ್ಗಿನ ಗೆರೆಗಳನ್ನು ವಿಡಿಯೊದಲ್ಲಿ ಕಂಡು, ಯಾವುದೋ ಅಜ್ಞಾತ ಜೀವಿ ಎಂದು ಸಾರಿದ. ಅವನಿಗೆ ಸಿಕ್ಕಿದ್ದೂ ಹುಳವೇ.

ನನ್ನ ಅನುಭವದಲ್ಲಿ ಇದಕ್ಕೆ ಅರ್ಧ ಪರಿಹಾರ ತಂತ್ರಾಂಶದ ಹೊರಗಿದೆ. ಹತ್ತಿರದ ಬೆಳಕಿಲ್ಲದೆ ಹುಳ ಕಾಣುವುದೇ ಇಲ್ಲ. ಸಿಸಿ ಕ್ಯಾಮೆರಾದ ಮುಖದಲ್ಲಿರುವ ಇನ್‌ಫ್ರಾರೆಡ್ ದೀಪಗಳ ಸಂಪರ್ಕ ತೆಗೆಯಬೇಕು. ಅವು ನಮಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಹುಳವನ್ನು ಬೆಳಗಿ ತೋರಿಸುತ್ತವೆ. ಮೊದಲ ರಾತ್ರಿ ನಾನು ಅದನ್ನು ಮರೆತಿದ್ದೆ, ಬೆಳಿಗ್ಗೆ ಪಟ್ಟಿಯ ತುಂಬ ಹುಳವೇ ಹುಳ. ಮರುದಿನ ಅವನ್ನು ತೆಗೆದು, ಕ್ಯಾಮೆರಾವನ್ನು ಬೀದಿಯ ಕಡೆಯಿಂದ ಹೊಳೆಯ ಕಡೆಗೆ ತಿರುಗಿಸಿದೆ. ದಶಮಿಯ ಚಂದ್ರ ಎರಡು ಗಂಟೆಯ ಸುಮಾರಿಗೆ ಮುಳುಗಿದ ಮೇಲೆ ಆಕಾಶ ಚೊಕ್ಕಟವಾಯಿತು.

ಹುಳಕ್ಕೆ ಮೋಸಹೋಗುವುದಕ್ಕಿಂತ ನನಗೆ ಹೆಚ್ಚು ತಕರಾರಿರುವುದು ಇನ್ನೊಂದರ ಬಗ್ಗೆ: ಈ ಜರಡಿ ನಿಜವಾದ ಉಲ್ಕೆಯನ್ನೂ ಚೆಲ್ಲುತ್ತದೆ. ಕಾರ್ತೀಕ ಎಂದರೆ ಕೃತ್ತಿಕೆಯ ತಿಂಗಳು, ನವೆಂಬರಿನ ಉತ್ತರ ಟಾರಿಡ್ ಉಲ್ಕೆಗಳು ಹೊರಡುವಂತೆ ಕಾಣುವುದೂ ಅದೇ ಕೃತ್ತಿಕೆಯ ಪಕ್ಕದಿಂದ. ಇವು ಸೆಕೆಂಡಿಗೆ 28 ಕಿಲೋಮೀಟರಿನವು. ಹೊರಡುವ ಬಿಂದುವಿಗೆ ಐದೇ ಡಿಗ್ರಿ ಹತ್ತಿರ ಕಾಣಿಸಿಕೊಂಡ ಉಲ್ಕೆ ಬಹುಪಾಲು ನಮ್ಮ ಕಡೆಗೇ ಬರುತ್ತಿರುತ್ತದೆ. ಅದು ಅಡ್ಡಲಾಗಿ ಸರಿಯುವುದು ಸೆಕೆಂಡಿಗೆ 1.4 ಡಿಗ್ರಿ, ವಿಮಾನದಷ್ಟೇ. ಮುಕ್ಕಾಲು ಸೆಕೆಂಡು ಉರಿದರೂ ಸುಮಾರು ಹದಿನೈದೇ ಪಿಕ್ಸೆಲ್, ಆಗ ಗೆರೆಯೂ ಸಿಗದು, ವೇಗವೂ ಒಪ್ಪದು. ಕೃತ್ತಿಕೆಯತ್ತ ಕ್ಯಾಮೆರಾ ಹೂಡಿ ಟಾರಿಡ್ ಎಣಿಸುತ್ತೇನೆ ಎಂದವನಿಗೆ ಅವೇ ಕಡಿಮೆ ಸಿಗುತ್ತವೆ. ಜರಡಿಯ ಕಣ್ಣು ದೊಡ್ಡದು ಮಾಡಿದರೆ ಅಷ್ಟೂ ವಿಮಾನ ಒಳಗೆ.

ಒಬ್ಬಂಟಿ ಕ್ಯಾಮೆರಾ ಎಷ್ಟು ಜಾಣವಾದರೂ ದೂರ ಅಳೆಯಲಾರದು, ಇಷ್ಟೂ ಗೊಂದಲದ ಬೇರು ಅಲ್ಲಿದೆ. ವಿಪಲ್ ಕೂಡ ಎರಡು ಕಡೆಯಿಂದ ಫೋಟೊ ತೆಗೆದದ್ದು ಇದಕ್ಕಾಗಿಯೇ. ಮಾನ್ವಿಗೂ ದೇವದುರ್ಗಕ್ಕೂ ನೇರ ದೂರ 50 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಮಾನ್ವಿಯ ನೆತ್ತಿಯ ಮೇಲೆ ನೂರು ಕಿಲೋಮೀಟರ್ ಎತ್ತರದ ಉಲ್ಕೆ ದೇವದುರ್ಗದವರಿಗೆ ನೆತ್ತಿಯಿಂದ ಸುಮಾರು 27 ಡಿಗ್ರಿ ವಾಲಿ ಕಾಣುತ್ತದೆ. 550 ಕಿಲೋಮೀಟರ್ ಮೇಲಿನ ಉಪಗ್ರಹ ಐದೇ ಡಿಗ್ರಿ ವಾಲುತ್ತದೆ. ವಿಮಾನವಾದರೆ 78 ಡಿಗ್ರಿ ವಾಲಿ ದಿಗಂತಕ್ಕೆ ಹತ್ತಿರ ಇಳಿದುಬಿಡುತ್ತದೆ. ಹುಳ ಕಾಣುವುದೇ ಇಲ್ಲ. ನಿಧಾನದ ಟಾರಿಡ್ ಕೂಡ ಆ ಊರಿನಿಂದ ಅದೇ ಕ್ಷಣದ ಒಂದು ಸಣ್ಣ ಮಿಂಚಾಗಿ ಸಾಕ್ಷಿ ಹೇಳಬಹುದು, ಎರಡೂ ಕಡೆಯ ಗಡಿಯಾರ ಸರಿಯಿದ್ದರೆ.

ಅತ್ತೆಗೆ ನಾನು ಕೊನೆಗೆ ಹೇಳಿದ್ದು, ಇಂಥವು ಉಲ್ಕೆ, ಇಂಥವು ಅನುಮಾನ ಎಂದು. ಅನುಮಾನದ ಪಟ್ಟಿಯೇ ಉದ್ದವಿತ್ತು. "ಹಂಗಾದ್ರ ದೇವದುರ್ಗದಾಗ ನಮ್ಮ ಬೀಗರ ಮನಿ ಮಾಳಿಗಿ ಐತಲ್ಲ, ಅಲ್ಲೊಂದು ಡಬ್ಬಿ ಇಡು" ಎಂದರು. ಆ ಮನೆಯ ಮುಂದೆ ಬೀದಿದೀಪ ಇದೆಯೇ ಎಂದು ಕೇಳಿದೆ. ಇದೆಯಂತೆ.