ಹಾಜರಾಗತಕ್ಕದ್ದು!

ಕಳೆದ ತಿಂಗಳು ಮಗಳು ಶಾಲೆಯಿಂದ ತಂದ ಚೀಟಿಯನ್ನು ಓದಿ ನನ್ನಾಕೆ ಗಾಬರಿಯಿಂದ ಕೇಳಿದಳು: "ಏನ್ರೀ, ನಮ್ಮ ಹುಡುಗಿ ಏನಾದರೂ ತಪ್ಪು ಮಾಡಿದ್ದಾಳೇನು?" ಚೀಟಿಯಲ್ಲಿದ್ದುದು ಇಷ್ಟೇ:

"ಎಲ್ಲ ಪಾಲಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬುಧವಾರ ಬೆಳಿಗ್ಗೆ 11 ಗಂಟೆಗೆ ಪಾಲಕರ ಸಭೆಯನ್ನು ಕರೆಯಲಾಗಿದೆ. ಕಡ್ಡಾಯವಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಪ್ರಗತಿಪತ್ರವನ್ನು ಕೊಡಲಾಗುವುದಿಲ್ಲ."

ನಾನು ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯಲ್ಲಿ ಮೆಮೊ ಬರೆಯುವವನು. ಆದ್ದರಿಂದ ಈ ಭಾಷೆಯ ತವರು ಯಾವುದೆಂದು ಕೂಡಲೇ ಗೊತ್ತಾಯಿತು. ಕಚೇರಿಯಲ್ಲಿ ಅದಕ್ಕೆ ಸ್ಥಾನವಿದೆ; ಬರೆದವನೂ ಓದುವವನೂ ಒಂದೇ ನಿಯಮಕ್ಕೆ ಕಟ್ಟುಬಿದ್ದವರು. ಪಾಲಕರು ಮಾತ್ರ ಶಾಲೆಯ ನೌಕರರಲ್ಲ.

ದೋಷವೆಲ್ಲ ಕ್ರಿಯಾಪದದ ಬಾಲದಲ್ಲಿದೆ. 'ತಕ್ಕದ್ದು' ಎಂಬುದು ಕಾಯದೆಯ ಮಾತು, ಅದಕ್ಕೆ ಉತ್ತರ ಹೇಳಲು ಜಾಗವೇ ಇಲ್ಲ. 'ಕರೆಯಲಾಗಿದೆ' ಎಂದಾಗ ಕರೆದವರೇ ಮಾಯವಾಗುತ್ತಾರೆ. ಕರೆದವರೇ ಇಲ್ಲದ ಮನೆಗೆ ಹೋಗುವುದು ಹೇಗೆ? ಇವನ್ನು ಹಾಗೆಯೇ ಬಿಟ್ಟು ಮುಂದೆ ಒಂದು 'ದಯವಿಟ್ಟು' ಅಂಟಿಸುವವರಿದ್ದಾರೆ. "ದಯವಿಟ್ಟು ಹಾಜರಾಗತಕ್ಕದ್ದು" ಎಂದರೆ ಲಾಠಿಗೆ ಹೂವು ಮುಡಿಸಿದಂತೆ. ಕೊನೆಯ ವಾಕ್ಯವಂತೂ ತಂದೆಯ ಗೈರುಹಾಜರಿಗೆ ಮಗುವಿಗೆ ಶಿಕ್ಷೆ.

ಅದೇ ಚೀಟಿಯನ್ನು ನಾನು ಹೀಗೆ ತಿದ್ದಿದೆ:

"ಮಾನ್ಯ ಪಾಲಕರೇ, ತಮ್ಮ ಮಗುವಿನ ಓದಿನ ಬಗ್ಗೆ ತಮ್ಮೊಡನೆ ಮಾತನಾಡಬೇಕೆಂದು ತರಗತಿಯ ಶಿಕ್ಷಕರು ಬುಧವಾರ ಬೆಳಿಗ್ಗೆ 11 ಗಂಟೆಗೆ ಕಾದಿರುತ್ತಾರೆ. ತಂದೆ, ತಾಯಿ, ಅಜ್ಜ, ಅಜ್ಜಿ ಯಾರಾದರೂ ಬರಬಹುದು. ಪ್ರಗತಿಪತ್ರವನ್ನು ಅಂದೇ ಕೈಗೆ ಕೊಡುತ್ತೇವೆ. ಆ ಹೊತ್ತಿಗೆ ರಜೆ ಸಿಗದವರು ಶನಿವಾರ 9ರಿಂದ 11ರವರೆಗೆ ಬರಬಹುದು. ಯಾವ ದಿನ ಬರುವಿರೆಂದು ಕೆಳಗೆ ಬರೆದು ಸೋಮವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ."

ಚೀಟಿ ಉದ್ದವಾಯಿತು, ನಿಜ. ಆದರೆ ಕರೆಯುವವರು ಯಾರು, ಏಕೆ, ಬರಲಾಗದಿದ್ದರೆ ಏನು ಎಂಬ ಮೂರಕ್ಕೂ ಉತ್ತರ ಸಿಕ್ಕಿತು. ಗಮನಿಸಿ, ಶನಿವಾರದ ಸಾಲು ಭಾಷೆಯ ತಿದ್ದುಪಡಿಯಲ್ಲ, ವ್ಯವಸ್ಥೆಯ ತಿದ್ದುಪಡಿ. ಶಾಲೆ ಅದಕ್ಕೆ ಒಪ್ಪದಿದ್ದರೆ ಉಳಿದ ಸವಿಮಾತೆಲ್ಲ ಬರೀ ಬೆಣ್ಣೆ. ದಿನಗೂಲಿಯವನು ಬುಧವಾರ ಬಂದರೆ ಅಂದಿನ ಕೂಲಿ ಹೋಯಿತು.

ಸವಿಗೂ ಮಿತಿ ಬೇಕು. ಮದುವೆ ಕರೆಯೋಲೆಯಂತೆ "ಸಕುಟುಂಬ ಸಪರಿವಾರ" ಎಂದು ಬರೆದರೆ ಬಂದರೂ ಸರಿ, ಬಾರದಿದ್ದರೂ ಸರಿ ಎಂದಾಗುತ್ತದೆ. ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ 20 ಎಂದಿದ್ದರೆ 20 ಎಂದೇ ನೇರವಾಗಿ ಬರೆಯಬೇಕು. ಅಲ್ಲಿ ಮುಚ್ಚುಮರೆ ಮಾಡುವುದೇ ಅವಮರ್ಯಾದೆ.

ಚೀಟಿ ಬರೆಯುವ ಗುರುಗಳಲ್ಲಿ ಒಂದೇ ಬಿನ್ನಹ: ಅಚ್ಚಿಗೆ ಕೊಡುವ ಮೊದಲು ಗಟ್ಟಿಯಾಗಿ ಓದಿ ನೋಡಿ. ಶಾಲೆಯ ಗೇಟಿನಲ್ಲಿ ನಿಂತ ತಾಯಿಯೊಬ್ಬಳ ಮುಖ ನೋಡಿ ಆ ವಾಕ್ಯ ಹೇಳಲು ನಾಲಗೆ ಏಳದಿದ್ದರೆ, ಕಾಗದದ ಮೇಲೂ ಅದು ಬೇಡ.