ಓದುವವರಿಗೂ ಕೇಳುವವರಿಗೂ ಒಂದೇ ಕರಪತ್ರ

ಶಿವಮೊಗ್ಗದಲ್ಲೊಂದು ಹೊಸಮನೆ ಇದೆ, ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಈ ಸೀಮೆಯಲ್ಲಿ ರೈತ ಯಾರು, ಕಾರ್ಮಿಕ ಯಾರು ಎಂದು ಗೆರೆ ಎಳೆದು ಬೇರೆ ಮಾಡುವುದು ಕಷ್ಟ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಮುಂದೆ ಕಾಗದದ ಕಾರ್ಖಾನೆಯೂ ಬಂತು, ಅದಕ್ಕೆ ಸೇರಿದ ಸಕ್ಕರೆ ಘಟಕಕ್ಕೆ ಸುತ್ತಲಿನ ರೈತರು ಕಬ್ಬು ಹಾಕುತ್ತಿದ್ದರು. ಅಣ್ಣ ಪಾಳಿಗೆ ಹೋಗುವವನು, ತಮ್ಮ ಭದ್ರಾ ನಾಲೆಯ ಕೆಳಗೆ ಭತ್ತ ನಾಟಿ ಮಾಡಿಸುವವನು ಎಂಬಂಥ ಮನೆಗಳು ಇಲ್ಲಿ ಅಪರೂಪವಲ್ಲ. ಆ ಮನೆಗೆ ಬಂದ ಕಾಗದವನ್ನು ಓದುವುದು ಬಹುಪಾಲು ಹೈಸ್ಕೂಲಿನ ಮಗಳು. ಕೇಳುವವರು ಅವಳ ಅಜ್ಜಿ, ತಾಯಿ, ಪಕ್ಕದ ಮನೆಯ ಚಾಚಿ.

ಹೀಗೆ ಗಟ್ಟಿಯಾಗಿ ಓದಿಸಿಕೊಳ್ಳುವ ಕಾಗದವನ್ನು ನಾವು ಯಾವ ಕನ್ನಡದಲ್ಲಿ ಬರೆಯುತ್ತಿದ್ದೇವೆ? ಈ ಪ್ರಶ್ನೆಯನ್ನು ಒಂದೇ ಬಗೆಯ ಬರವಣಿಗೆಗೆ ಹಾಕಿ ನೋಡುತ್ತೇನೆ. ಅದು ಸಾಲದ ತಿಳಿವಳಿಕೆಯ ಬರವಣಿಗೆ. ಸಣ್ಣ ಸಾಲದ ವಸೂಲಿಯ ಕಿರುಕುಳ ಮಿತಿಮೀರಿ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅದಕ್ಕೂ ಮೊದಲೇ, 2024ರಲ್ಲಿ, ಸಾಲದ ಮುಖ್ಯಾಂಶಗಳ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಿ ಹೇಳಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ಆದರೆ ‘ಅರ್ಥವಾಗುವ ಭಾಷೆ’ ಎಂದರೆ ಕನ್ನಡ ಲಿಪಿ ಎಂದಷ್ಟೇ ತಿಳಿದುಕೊಂಡರೆ ‘ವಾರ್ಷಿಕ ಶೇಕಡಾವಾರು ದರ’ ಎಂಬ ಪದಪುಂಜ ಹುಟ್ಟುತ್ತದೆ. ಅದು ಕನ್ನಡವೇ ಹೌದು, ಆದರೆ ಯಾರ ಮನೆಯಲ್ಲಿ ಆಡುವ ಕನ್ನಡ?

ಮೊದಲ ತೊಡಕು ‘ಶೇಕಡಾ’ ಎಂಬ ಪದದಲ್ಲೇ ಇದೆ. ನಮ್ಮ ಕಡೆ ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ. ಹಾಳೆಯಲ್ಲಿನ ‘ಶೇಕಡಾ 12’ ವರ್ಷದ್ದು. ಮಗಳು ‘ಹನ್ನೆರಡು’ ಎಂದು ಓದಿದ ಕೂಡಲೇ ಅಜ್ಜಿ, ‘ಅಯ್ಯೋ, ಕೈಸಾಲವೇ ವಾಸಿ, ಅದು ಮೂರೇ’ ಎನ್ನುತ್ತಾಳೆ. ಅಜ್ಜಿಗೆ ಲೆಕ್ಕ ಗೊತ್ತಿಲ್ಲವೆಂದಲ್ಲ. ಅವಳ ಲೆಕ್ಕ ತಿಂಗಳಿನದು, ಬರೆದವನದು ವರ್ಷದ್ದು. ‘ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ’ ಎಂದು ಬರೆದಿದ್ದರೆ ರೈತನಿಗೂ ಕಾರ್ಮಿಕನಿಗೂ ಒಂದೇ ಸಲಕ್ಕೆ ಮುಟ್ಟುತ್ತಿತ್ತು.

ಎರಡನೆಯ ತೊಡಕು ಕಣ್ಣಿನದು. ‘ಮೇಲ್ಕಂಡ’, ‘ಕೆಳಗೆ ಸೂಚಿಸಿದ’, ‘ಕ್ರಮವಾಗಿ’ ಎಂಬ ಪದಗಳನ್ನು ಕಾಗದ ಕೈಯಲ್ಲಿರುವವರು ಮಾತ್ರ ಬಳಸಿಕೊಳ್ಳಬಲ್ಲರು. ಕೇಳುವವರಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಮೂರು ಸಾಲದ ಹೆಸರು ಹೇಳಿ ಆಮೇಲೆ ಮೂರು ದರಗಳನ್ನು ‘ಕ್ರಮವಾಗಿ’ ಎಂದು ಜೋಡಿಸಿದರೆ ಯಾವುದು ಯಾವುದಕ್ಕೆಂದು ಕೇಳುವವರಿಗೆ ಹೇಗೆ ತಿಳಿಯಬೇಕು? ಶಿಶುನಾಳ ಷರೀಫರು (1819–1889) ಸೋರುವ ಮಾಳಿಗೆಯನ್ನು ಹಿಡಿದು ದೊಡ್ಡ ವಿಚಾರ ಹೇಳಿದರು. ಓದು ಬಾರದವರೂ ಅದನ್ನು ಹಾಡಿಕೊಂಡು ಬಂದರು. ನಮ್ಮ ಕರಪತ್ರಗಳು ಷರೀಫರನ್ನು ಅನುಕರಿಸಬೇಕಿಲ್ಲ. ಕೇಳುವವರು ಹಿಂದಿನ ಸಾಲಿಗೆ ಮರಳಲಾರರು ಎಂಬ ಅವರ ಎಚ್ಚರವಿದ್ದರೆ ಸಾಕು.

ಇನ್ನು ಉದಾಹರಣೆಯ ವಿಷಯ. ಇತ್ತೀಚೆಗೆ ಕೈಗೆ ಬಂದ ಒಂದು ತಿಳಿವಳಿಕೆ ಹಾಳೆ ‘ನಿಮ್ಮ ಸಂಬಳದ ಹತ್ತನೇ ಒಂದು ಭಾಗ’ ಎಂದು ಶುರುವಾಗುತ್ತದೆ. ಅಡಿಕೆ, ಭತ್ತ ಮಾರಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಹಣ ನೋಡುವವನು ಮೊದಲ ಸಾಲಿನಲ್ಲೇ ಹೊರಗುಳಿದ. ಎಕರೆ, ಗುಂಟೆಯ ಉದಾಹರಣೆ ಕೊಟ್ಟಿದ್ದರೆ ಗ್ಯಾರೇಜಿನ ಹುಡುಗ ಹೊರಗುಳಿಯುತ್ತಿದ್ದ. ಸೇತುವೆ ಕಟ್ಟಲು ಆಗುವುದಿಲ್ಲ ಎಂದಲ್ಲ. ಒಂದು ಗುಂಟೆ ಎಂದರೆ 1089 ಚದರಡಿ, ಮೂವತ್ತು-ನಲವತ್ತರ ಸೈಟಿಗಿಂತ ತುಸು ಚಿಕ್ಕದು ಎಂದರೆ ಇಬ್ಬರ ಕಣ್ಣಿಗೂ ಅದೇ ಜಾಗ ಕಾಣುತ್ತದೆ.

ಸಾಲದಲ್ಲಿ ನಿಜಕ್ಕೂ ಬಿಡಿಸಿ ಹೇಳಬೇಕಾದದ್ದು ‘ಫ್ಲಾಟ್’ ಬಡ್ಡಿಯನ್ನು. ಹನ್ನೆರಡು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಹನ್ನೆರಡು ಕಂತು. ಕೇಳಲು ಹಗುರ. ಇದಕ್ಕೆ ಇಬ್ಬರಿಗೂ ಗೊತ್ತಿರುವ ಉದಾಹರಣೆ ಶಾಮಿಯಾನದ ಅಂಗಡಿಯಲ್ಲಿದೆ. ಮದುವೆ ಮಾಡಿದ ಪ್ರತಿ ಮನೆಯೂ, ಹಳ್ಳಿಯದಾಗಲಿ ಪೇಟೆಯದಾಗಲಿ, ಬಾಡಿಗೆ ಪಾತ್ರೆ ತಂದಿರುತ್ತದೆ.

ಹನ್ನೆರಡು ದೊಡ್ಡ ಪಾತ್ರೆ ತಂದಿರಿ ಎನ್ನಿ. ಒಂದು ಪಾತ್ರೆಗೆ ದಿನಕ್ಕೆ ಹತ್ತು ರೂಪಾಯಿ. ದಿನಾ ಸಂಜೆ ಒಂದೊಂದು ಪಾತ್ರೆ ತೊಳೆದು ವಾಪಸ್ ಕೊಡುತ್ತೀರಿ. ಮೊದಲ ದಿನ ನಿಮ್ಮಲ್ಲಿ ಹನ್ನೆರಡು ಪಾತ್ರೆ, ಬಾಡಿಗೆ 120 ರೂಪಾಯಿ. ಮರುದಿನ ಹನ್ನೊಂದು, 110. ಕೊನೆಯ ದಿನ ಒಂದೇ ಪಾತ್ರೆ, ಹತ್ತು ರೂಪಾಯಿ. ಎಲ್ಲ ಕೂಡಿಸಿದರೆ 780 ಆಗುತ್ತದೆ. ಆದರೆ ಅಂಗಡಿಯವನು, ‘ನೀವು ಒಯ್ದದ್ದು ಹನ್ನೆರಡು, ಹನ್ನೆರಡೂ ದಿನ ಹನ್ನೆರಡರ ಬಾಡಿಗೆ ಕೊಡಿ’ ಎಂದು 1440 ಕೇಳುತ್ತಾನೆ. ಅಂಗಡಿ ಮುಂದೆ ಜಗಳವೇ ಆಗುತ್ತದೆ, ಅಲ್ಲವೇ?

ಈಗ ಪಾತ್ರೆಯ ಜಾಗದಲ್ಲಿ ಒಂದು ಸಾವಿರ ರೂಪಾಯಿ ಇಡಿ, ದಿನದ ಜಾಗದಲ್ಲಿ ತಿಂಗಳು ಇಡಿ. ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ. ಉಳಿದ ಅಸಲಿಗೆ ಮಾತ್ರ ಬಡ್ಡಿಯಾದರೆ 780, ಫ್ಲಾಟ್ ಆದರೆ 1440. ಕೈಯಲ್ಲಿ ಇರದ ಹಣಕ್ಕೂ ಬಾಡಿಗೆ ಕಟ್ಟಿದ್ದರಿಂದ ಹನ್ನೆರಡು ಎಂದು ಹೇಳಿದ ವರ್ಷದ ಬಡ್ಡಿ ನಿಜದಲ್ಲಿ ಇಪ್ಪತ್ತೆರಡರ ಹತ್ತಿರ ಬರುತ್ತದೆ. ಫ್ಲಾಟ್ ಸಾಲದ ಕಂತು ಪ್ರತಿ ತಿಂಗಳೂ 1120ರಂತೆ ಸಮನಾಗಿರುತ್ತದೆ. ಅದನ್ನು ಬ್ಯಾಂಕಿನ ಸೂತ್ರಕ್ಕೆ ಹಾಕಿದರೆ ಇಪ್ಪತ್ತೊಂದೂವರೆ ಬರುತ್ತದೆ. ಈ ಅರ್ಧದ ವ್ಯತ್ಯಾಸವನ್ನು ಕರಪತ್ರದಲ್ಲಿ ಬಿಟ್ಟರೆ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಲೆಕ್ಕಿಗರು ಒಪ್ಪದಿರಬಹುದು.

ಉದಾಹರಣೆ ಕೆಲಸ ಮಾಡಿತೇ ಎಂದು ತಿಳಿಯಲು ‘ಅರ್ಥವಾಯಿತಾ?’ ಎಂದು ಕೇಳಬಾರದು. ಎಲ್ಲರೂ ಹೂಂ ಎನ್ನುತ್ತಾರೆ. ಕೇಳಿದ ತಾಯಿಯೇ, ಅಲ್ಲಿಲ್ಲದ ಇನ್ನೊಬ್ಬಳಿಗೆ ಹೇಳಲಿ. ಅವಳು ಪಾತ್ರೆಯ ಅಂಗಡಿಯವನನ್ನು ಚೆನ್ನಾಗಿ ಬೈದು ಸಾಲದ ಮಾತೇ ಎತ್ತದಿದ್ದರೆ ಕಥೆ ವಿಷಯವನ್ನು ನುಂಗಿದೆ ಎಂದರ್ಥ. ಆಗ ಬರೆಯುವವನು ಕಥೆ ಕಡಿಮೆ ಮಾಡಿ, ‘ಪಾತ್ರೆ ಎಂದರೆ ಸಾವಿರ’ ಎಂಬ ವಾಕ್ಯವನ್ನು ಮೊದಲಿಗೇ ತರಬೇಕು. ಸಾಲದ ಲೆಕ್ಕ ಹೇಳಿ, ಸಂಖ್ಯೆಯಲ್ಲಿ ತಪ್ಪಿದರೆ ಅಷ್ಟು ಚಿಂತೆಯಿಲ್ಲ. 780, 1440 ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ, ‘ಸರಿಸುಮಾರು ದುಪ್ಪಟ್ಟು’ ಎಂಬುದು ಉಳಿಯುತ್ತದೆ.

ಪಿ. ಲಂಕೇಶರು ಇದೇ ಜಿಲ್ಲೆಯ ಕೊನಗವಳ್ಳಿಯವರು. 1980ರಲ್ಲಿ ಅವರು ಶುರುಮಾಡಿದ ಪತ್ರಿಕೆ ಜಾಹೀರಾತು ಇಲ್ಲದೆ ಓದುಗರ ಹಣದಲ್ಲೇ ನಡೆಯಿತು. ಅಲ್ಲಿ ಓದುಗರಿಗೆ ಅರ್ಥವಾಗದಂತೆ ಬರೆದರೆ ಪತ್ರಿಕೆಯೇ ನಿಲ್ಲುತ್ತಿತ್ತು. ಇಲಾಖೆ, ಬ್ಯಾಂಕುಗಳ ಕರಪತ್ರ ಬರೆಯುವವರಿಗೆ ಆ ಭಯವಿಲ್ಲ. ಅರ್ಥವಾಗದಿದ್ದರೂ ಹಾಳೆ ಅಚ್ಚಾಗುತ್ತದೆ, ಸಹಿ ಬೀಳುತ್ತದೆ. ವ್ಯತ್ಯಾಸ ಪ್ರತಿಭೆಯದಷ್ಟೇ ಅಲ್ಲ ಎನ್ನುವುದಕ್ಕೆ ಈ ಮಾತು.

ಪಾತ್ರೆಯ ಉದಾಹರಣೆಗೂ ಮಿತಿ ಇದೆ. ಕಂತು ತಪ್ಪಿದಾಗ ಬೀಳುವ ದಂಡವನ್ನು ಅದು ಹೇಳುವುದಿಲ್ಲ. ಪಾತ್ರೆ ತಡವಾದರೆ ಒಂದು ದಿನದ ಬಾಡಿಗೆ ಹೆಚ್ಚುತ್ತದೆ ಅಷ್ಟೇ, ಸಾಲದ ದಂಡದ ಲೆಕ್ಕ ಬೇರೆ, ಅದನ್ನು ನೇರವಾಗಿ ರೂಪಾಯಿಯಲ್ಲೇ ಬರೆಯಬೇಕು. ಸಾಲ ಕೊಡುವಾಗಲೇ ಹಿಡಿದುಕೊಳ್ಳುವ ಶುಲ್ಕ, ವಿಮೆಯ ಹಣವನ್ನು ಮಾತ್ರ ಅದೇ ಅಂಗಡಿಯಲ್ಲಿ ಹೇಳಬಹುದು. ಪುಸ್ತಕದಲ್ಲಿ ಹನ್ನೆರಡು ಪಾತ್ರೆ ಎಂದು ಬರೆದುಕೊಂಡು ಗಾಡಿಗೆ ಹನ್ನೊಂದನ್ನೇ ಏರಿಸಿದಂತೆ ಅದು. ಹಾಳೆ ಓದುವ ಹುಡುಗಿ ‘ಮಂಜೂರಾದ ಮೊತ್ತ’ದ ಜೊತೆಗೆ ‘ಕೈಗೆ ಬಂದ ಮೊತ್ತ’ವನ್ನೂ ಹುಡುಕಿ, ಎರಡನ್ನೂ ಗಟ್ಟಿಯಾಗಿ ಓದಲಿ. ಅವೆರಡು ಬೇರೆ ಬೇರೆ ಎಂದು ಕಿವಿಗೆ ಬಿದ್ದ ಕೂಡಲೇ ಅಜ್ಜಿ ತಾನಾಗಿಯೇ ಮುಂದಿನ ಪ್ರಶ್ನೆ ಕೇಳುತ್ತಾಳೆ.