ಒಂದಡಿ ಮೆಟ್ಟಿಲ ಮೇಲೆ ಮಳೆಗಾಲದ ಓಟ

ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮಂಗಳೂರಿನಲ್ಲಿ ಬೆಳಗಿನ ಓಟಗಾರರು ಮನೆಯೊಳಗೆ ಸೇರುತ್ತಾರೆ. ಆಗ ಕೈಯಿಂದ ಕೈಗೆ ಬರುವ ಯೋಜನೆ ಹೆಚ್ಚುಕಡಿಮೆ ಒಂದೇ: ನಿಂತಲ್ಲೇ 30 ನಿಮಿಷ ಓಡುವುದು, 100 ಜಂಪಿಂಗ್ ಜಾಕ್, ಒಂದಷ್ಟು ಬರ್ಪಿ, ವಾರಕ್ಕೆ 6 ದಿನ. ಇದರ ಶಿಸ್ತು ಮೆಚ್ಚುವಂಥದ್ದು, ಲೆಕ್ಕ ಮಾತ್ರ ತಪ್ಪು. ತಪ್ಪಿದ ಕಿಲೋಮೀಟರುಗಳಿಗೆ ಬದಲಾಗಿ ಅದು ನಿಮಿಷಗಳನ್ನು ತುಂಬಿಸುತ್ತದೆ. ಓಟಗಾರ ಉಳಿಸಿಕೊಳ್ಳಬೇಕಾದದ್ದು ಶ್ರಮದ ತೀವ್ರತೆ.

ಇದಕ್ಕೆ ಗಟ್ಟಿ ಆಧಾರವಿದೆ. 1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ಕೆಲವರಿಗೆ ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ, 10 ವಾರ ಕಠಿಣ ತರಬೇತಿ ಕೊಟ್ಟರು. ಬಳಿಕ ಒಂದು ಪ್ರಯೋಗದಲ್ಲಿ ದಿನಗಳನ್ನು 2ಕ್ಕೆ ಇಳಿಸಿದರು, ಇನ್ನೊಂದರಲ್ಲಿ ಸಮಯವನ್ನು 13 ನಿಮಿಷಕ್ಕೆ ಇಳಿಸಿದರು. ಎರಡರಲ್ಲೂ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ 15 ವಾರ ಬಹುಪಾಲು ಉಳಿಯಿತು. ದಿನ, ಸಮಯ ಹಾಗೇ ಇಟ್ಟು ತೀವ್ರತೆಯನ್ನು ಇಳಿಸಿದಾಗ ಮಾತ್ರ ಅದು ಕುಸಿಯಿತು. ನಿಂತಲ್ಲೇ ಓಡುವ ಯೋಜನೆ ಜಾರುವುದು ಇಲ್ಲೇ. ದೇಹವನ್ನು ಮುಂದಕ್ಕೆ ತಳ್ಳುವ ಕೆಲಸವೇ ಅದರಲ್ಲಿ ಇಲ್ಲ. ಮೀನಖಂಡ ಬೇಗ ದಣಿಯುತ್ತದೆ, ಉಸಿರು ಅಷ್ಟು ಏರುವುದಿಲ್ಲ, ಕೆಳಮನೆಯವರ ತಲೆಯ ಮೇಲೆ ದಬದಬ ಸದ್ದು ಬೇರೆ.

ಬದಲಿಗೆ ವಾರಕ್ಕೆ 40 ಕಿಲೋಮೀಟರ್ ಓಡುವ ಒಬ್ಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಜಾಗ 6 ಅಡಿಗೆ 8 ಅಡಿ. ಅವರಿಗೆ ಬೇಕಾದ್ದು ಅಲುಗಾಡದ, ಒಂದಡಿ ಎತ್ತರದ ಗಟ್ಟಿ ಮರದ ಪೆಟ್ಟಿಗೆ. ಮಂಗಳವಾರ ಮತ್ತು ಶುಕ್ರವಾರ 10 ನಿಮಿಷ ಮೈ ಬಿಸಿ ಮಾಡಿಕೊಂಡು, ನಿಮಿಷಕ್ಕೆ 30 ಬಾರಿ ಹತ್ತಿ ಇಳಿಯುತ್ತ 3 ನಿಮಿಷ, ಮತ್ತೆ 2 ನಿಮಿಷ ಬಿಡುವು. ಹೀಗೆ 5 ಸುತ್ತು. ಮೆಟ್ರೊನೋಮ್ ಆ್ಯಪ್ ಅನ್ನು 120ಕ್ಕೆ ಇಟ್ಟರೆ ಪ್ರತಿ ಸದ್ದಿಗೂ ಒಂದು ಹೆಜ್ಜೆ ಬೀಳುತ್ತದೆ. ಪ್ರತಿ ಸುತ್ತಿಗೂ ಮೊದಲು ಹತ್ತುವ ಕಾಲನ್ನು ಬದಲಿಸಬೇಕು. ಕೊನೆಯ ಸುತ್ತಿನಲ್ಲಿ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಒಟ್ಟಿಗೆ ಆಡಲಾಗದಿದ್ದರೆ ತೀವ್ರತೆ ಸರಿಯಾಗಿದೆ. ಆರಾಮವಾಗಿ ಮಾತಾಡಬಹುದಾದರೆ ಪೆಟ್ಟಿಗೆ ಗಿಡ್ಡವಾಗಿದೆ. ಎಂಟು ಇಂಚಿನ ಮೆಟ್ಟಿಲು ಸಾಲದೆ ಹೋಗುವುದು ಹೀಗೆಯೇ. ಅಪಾರ್ಟ್‌ಮೆಂಟಿನ ಮೆಟ್ಟಿಲುಗಳ ಆಸೆ ಬೇಡ. ಕೊಡೆಗಳಿಂದ ತೊಟ್ಟಿಕ್ಕಿದ ನೀರು ಅಲ್ಲಿ ದಿನವಿಡೀ ಇರುತ್ತದೆ.

ಇನ್ನು ಸೆಕೆ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಆವಿಯಾದರೆ ತಣ್ಣಗಾಗುತ್ತದೆ. ಜುಲೈಯ ಕರಾವಳಿ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ತೊಟ್ಟಿಕ್ಕಿ ನೆಲ ಸೇರುತ್ತದೆ, ಅಷ್ಟೂ ವ್ಯರ್ಥ. ಹಲವು ಮನೆಗಳಲ್ಲಿ ಅದೇ ಹಜಾರದಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಬಟ್ಟೆಯಿಂದ ಹೊರಟ ನೀರೆಲ್ಲ ಅಲ್ಲಿನ ಗಾಳಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ಬಟ್ಟೆ ಇನ್ನೊಂದು ಕೋಣೆಗೆ ಹೋಗಬೇಕು. ಎರಚಲು ಬರದ ಕಡೆಯ ಕಿಟಕಿ ತೆರೆಯಬೇಕು, ಟೇಬಲ್ ಫ್ಯಾನಿನ ಗಾಳಿ ನೇರವಾಗಿ ಎದೆಗೆ ತಾಗಬೇಕು. ಅದೇ ವೇಗದಲ್ಲೂ ಎರಡನೇ ಸುತ್ತಿಗಿಂತ ನಾಲ್ಕನೆಯದರಲ್ಲಿ ನಾಡಿ ತೀರಾ ಏರಿದರೆ ಬಿಡುವನ್ನು 3 ನಿಮಿಷಕ್ಕೆ ಹೆಚ್ಚಿಸಬೇಕು. ತಲೆಸುತ್ತು, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮೊದಲು ಮತ್ತು ನಂತರ ತೂಕ ನೋಡಿದರೆ ಕಳೆದುಕೊಂಡ ನೀರೂ ತಿಳಿಯುತ್ತದೆ: ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್. ಟೈಲ್ಸ್ ನೆಲ ತಾನೂ ಬೆವರುವ ಕಾಲವಿದು, ಪೆಟ್ಟಿಗೆಯ ಅಡಿಗೆ ರಬ್ಬರ್ ಮ್ಯಾಟ್ ಇರಲೇಬೇಕು.

ತಪ್ಪಿದ ಓಟಗಳ ವಿಷಯದಲ್ಲಿ ಚಾಲ್ತಿಯ ಯೋಜನೆ ಹೆಚ್ಚು ಹಾನಿ ಮಾಡುತ್ತದೆ. ಭಾನುವಾರದ 16 ಕಿಲೋಮೀಟರ್ ತಪ್ಪಿದರೆ ಬಿಸಿಲು ಕಂಡ ಬುಧವಾರ ಅದನ್ನು ತೀರಿಸಬೇಕೆನ್ನುತ್ತದೆ. ಅದು ಸಾಲವಲ್ಲ, ಬಿಟ್ಟುಬಿಡಬೇಕು. ಪಳಗಿದವರು ಅಭ್ಯಾಸವನ್ನು ಪೂರ್ತಿ ಕೈಬಿಟ್ಟಾಗಲೂ ಅವರ ಆಮ್ಲಜನಕ ಸಾಮರ್ಥ್ಯ 21 ದಿನಗಳಲ್ಲಿ ಇಳಿದದ್ದು 7%ರಷ್ಟು ಎಂದು 1984ರ ಒಂದು ಅಧ್ಯಯನ ತೋರಿಸಿತ್ತು. ವಾರಕ್ಕೆ ಎರಡು ದಿನ ಪೆಟ್ಟಿಗೆ ಹತ್ತುವವರು ಒಂದು ಓಟಕ್ಕಾಗಿ ಕಂಗಾಲಾಗಬೇಕಿಲ್ಲ.

ಆದರೆ ಪೆಟ್ಟಿಗೆಗೂ ಮಿತಿ ಇದೆ. ಹೃದಯ, ಶ್ವಾಸಕೋಶಗಳನ್ನು ಅದು ಕಾಯುತ್ತದೆ, ರಸ್ತೆಯ ಪೆಟ್ಟನ್ನು ಕಾಲಿಗೆ ನೆನಪಿಸುವುದಿಲ್ಲ. ಎರಡು ಗಂಟೆಯ ಓಟದ ತಾಳಿಕೆಯನ್ನೂ ಕೊಡುವುದಿಲ್ಲ. ಹಾಗಾಗಿ ಗುರುವಾರ ಮತ್ತು ಭಾನುವಾರ ಪೆಟ್ಟಿಗೆಯ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, ಕಾಲಿಗೆ 12ರಂತೆ 3 ಸುತ್ತು. ಬಳಿಕ ಸ್ಕಿಪ್ಪಿಂಗ್, ಒಟ್ಟು 5 ನಿಮಿಷ ಮಾತ್ರ. ಹಗ್ಗಕ್ಕೆ ಸೀಲಿಂಗ್ ಫ್ಯಾನ್ ಅಡ್ಡವಾದರೆ ಹಗ್ಗವಿಲ್ಲದೆಯೇ ಮೆಲ್ಲಗೆ ಪುಟಿದರಾಯಿತು. ಮಳೆ ಬಿಟ್ಟ ಮೊದಲ ವಾರ ಹಳೆಯ 40 ಕಿಲೋಮೀಟರಿನ ಬದಲು 25, ಅದೂ ನಿಧಾನವಾಗಿ. ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ನರ ಬಿಗಿದಂತೆನಿಸಿದರೆ ಆ ದಿನ ಶೂ ಕಟ್ಟದೆ ಮತ್ತೆ ಪೆಟ್ಟಿಗೆಗೇ ಮರಳಬೇಕು.